ಎಷ್ಟು, ಯಾವಾಗ, ಯಾರ ಹೆಸರಿಗೆ, ಬರದಿದ್ದರೆ?

"ಬೆಲೆಗೆ ಇನ್‌ಬಾಕ್ಸ್ ಮಾಡಿ. ಸಿಒಡಿ ಇಲ್ಲ. ರಿಟರ್ನ್ ಇಲ್ಲ. ಅಡ್ವಾನ್ಸ್ ಹಾಕಿದವರಿಗೆ ಮಾತ್ರ ಉತ್ತರ. ಟೈಮ್‌ಪಾಸ್ ಮಾಡುವವರು ದೂರ ಇರಿ. 100% ನಂಬಿಕಸ್ಥರು."

ಚೆಂದದೊಂದು ಇಳಕಲ್ ಸೀರೆಯ ಫೋಟೊ, ಅದರ ಕೆಳಗೆ ಈ ಸಾಲುಗಳು. ವಾಟ್ಸಾಪ್ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಮ್ ಪುಟಗಳಲ್ಲಿ ಇಂಥ ಬರಹ ದಿನಕ್ಕೆ ಹತ್ತು ಕಣ್ಣಿಗೆ ಬೀಳುತ್ತವೆ. ಮಾನ್ವಿಯಲ್ಲೋ ಹೊಸದುರ್ಗದಲ್ಲೋ ಕೂತು ಇದನ್ನು ಓದುವ ಹೆಣ್ಣುಮಗಳಿಗೆ ಸೀರೆ ಹಿಡಿಸಿದೆ, ಕೈಯಲ್ಲಿ ದುಡ್ಡೂ ಇದೆ. ಆದರೂ ಆಕೆ ಫೋನನ್ನು ಪಕ್ಕಕ್ಕಿಡುತ್ತಾಳೆ. ಮಾರುವವನು ಮೋಸಗಾರನೇ ಆಗಿರಬೇಕೆಂದಿಲ್ಲ. ಹಿಂದೆ ನಾಲ್ಕು ಪಾರ್ಸಲ್ ವಾಪಸ್ ಬಂದು ಕೈ ಸುಟ್ಟುಕೊಂಡ ಪ್ರಾಮಾಣಿಕ ವ್ಯಾಪಾರಿಯೂ ಆಗಿರಬಹುದು. ಹಾಗಿದ್ದರೆ ಅವನು ತನ್ನ ಹಳೆಯ ಸಿಟ್ಟನ್ನೆಲ್ಲ ಹೊಸ ಗಿರಾಕಿಯ ಮೇಲೆ ತೀರಿಸಿಕೊಂಡಿದ್ದಾನೆ. ಓದುವವಳಿಗೆ ಬೇಕಿದ್ದ ನಾಲ್ಕು ಮಾತುಗಳಲ್ಲಿ ಒಂದನ್ನೂ ಅವನು ಹೇಳಿಲ್ಲ: ಒಟ್ಟು ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಯಾರ ಹೆಸರಿಗೆ ಹೋಗುತ್ತದೆ, ಸೀರೆ ಬರದಿದ್ದರೆ ಅಥವಾ ಕೆಟ್ಟು ಬಂದರೆ ಏನು.

ಸಣ್ಣ ಊರಿನ ಗಿರಾಕಿಯ ಹಿಂಜರಿಕೆಗೆ ತಿಳಿವಳಿಕೆಯ ಕೊರತೆ ಕಾರಣವಲ್ಲ. ಊರಿನ ಬಟ್ಟೆ ಅಂಗಡಿಯಲ್ಲಿ ಆಕೆ ಸೀರೆಯ ಸೆರಗು ಬಿಡಿಸಿ, ದಡಿ ಮುಟ್ಟಿ ನೋಡಿ, ಬೇಡವೆನಿಸಿದರೆ ಎದ್ದು ಬರಬಲ್ಲಳು. ಕೊಂಡ ಮೇಲೆ ತೊಂದರೆಯಾದರೆ ಮರುದಿನ ಅದೇ ಮೆಟ್ಟಿಲು ಹತ್ತಿ ಕೇಳಬಲ್ಲಳು. ದನದ ಸಂತೆಯಲ್ಲಿ ಸಂಚಕಾರ ಕೊಡುವ ರೈತ ಎದುರಿಗಿನ ಎತ್ತಿನ ಹಲ್ಲು ನೋಡಿ, ಮಾರುವವನ ಊರು ಕೇಳಿ, ನಾಲ್ಕು ಜನರ ಮುಂದೆ ಕೊಡುತ್ತಾನೆ. ಫೋನಿನಲ್ಲಿ ಕಂಡ ಮಾಲಿಗೆ ಮುಂಗಡ ಕೇಳುವವನು ಈ ಎಲ್ಲ ಆಧಾರಗಳನ್ನೂ ಒಂದೇ ಸಲ ಕಿತ್ತುಕೊಂಡಂತಾಗುತ್ತದೆ. ಅವುಗಳ ಜಾಗವನ್ನು ಬರಹವೇ ತುಂಬಬೇಕು.

ನಮ್ಮ ದೇಶಕ್ಕೆ ಈ ತೊಡಕು ಹೊಸದಲ್ಲ. ಅಂಚೆ ಇಲಾಖೆಯ ವಿ.ಪಿ.ಪಿ. ವ್ಯವಸ್ಥೆ ಶುರುವಾಗಿದ್ದು 1877ರಲ್ಲಿ. ಕಳಿಸುವವನು ಪಾರ್ಸಲ್ ಮೇಲೆ ಬೆಲೆ ನಮೂದಿಸುತ್ತಿದ್ದ. ಅಂಚೆಯವನು ಅದನ್ನು ಮನೆ ಬಾಗಿಲಿಗೆ ಒಯ್ದು ಹಣ ಪಡೆದು ಪಾರ್ಸಲ್ ಒಪ್ಪಿಸುತ್ತಿದ್ದ, ಆ ಹಣ ಮನಿ ಆರ್ಡರ್ ಆಗಿ ಕಳಿಸಿದವನಿಗೆ ಮರಳುತ್ತಿತ್ತು. ಒಂದು ಕಾರ್ಡು ಬರೆದು ಹಾಕಿ ಪುಸ್ತಕ ತರಿಸಿಕೊಂಡ ಹಳೆಯ ಓದುಗರಿಗೆ ಇದು ಚೆನ್ನಾಗಿ ಗೊತ್ತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಾಗ ಹಳೆಯ ಆ ಏರ್ಪಾಟಿಗೇ ಹೊಸ ಜೀವ ಬಂತು. ಕಾರ್ಡಿಲ್ಲದವರು, ಕಾರ್ಡಿದ್ದೂ ಅದರ ನಂಬರನ್ನು ಇಂಟರ್ನೆಟ್ಟಿನಲ್ಲಿ ಹಾಕಲು ಅಂಜುವವರು ಆಗಲೇ ಆನ್‌ಲೈನ್ ಖರೀದಿಗೆ ಇಳಿದರು. ಈಗ ಎಲ್ಲರ ಫೋನಿನಲ್ಲೂ ಯುಪಿಐ ಇದೆ, ಹತ್ತು ರೂಪಾಯಿ ಚಹಾಕ್ಕೂ ಸ್ಕ್ಯಾನ್ ಮಾಡುತ್ತಾರೆ. ಹಾಗಿದ್ದೂ ಸಣ್ಣ ಊರುಗಳ ಗಿರಾಕಿಗಳನ್ನೇ ನೆಚ್ಚಿಕೊಂಡ ಮೀಶೋದಂಥ ಜಾಲತಾಣದಲ್ಲಿ ಬಹುಪಾಲು ಆರ್ಡರ್‌ಗಳು ಇವತ್ತಿಗೂ ಸಿಒಡಿಯೇ. ಹಣ ಕಳಿಸುವ ದಾರಿ ಎಷ್ಟೇ ಸುಲಭವಾದರೂ, ಮಾಲು ಕೈಗೆ ಬಂದ ಮೇಲೆ ಹಣ ಬಿಡುವ ಅಭ್ಯಾಸ ಉಳಿದುಕೊಂಡಿದೆ.

ಹಾಗಾದರೆ ವ್ಯಾಪಾರಿಗಳು "ಸಿಒಡಿ ಇಲ್ಲ" ಎಂದು ಬರೆಯುವುದೇಕೆ? ಅದಕ್ಕೆ ಲೆಕ್ಕ ನೋಡಬೇಕು. ಇಳಕಲ್‌ನಿಂದ ಸೀರೆ ಕಳಿಸುವ ಒಬ್ಬ ಸಣ್ಣ ವ್ಯಾಪಾರಿ ಇದ್ದಾರೆ ಎಂದಿಟ್ಟುಕೊಳ್ಳೋಣ. ಸೀರೆ ಅವರ ಕೈಗೆ ಬೀಳುವುದು, ಪ್ಯಾಕಿಂಗ್ ಸೇರಿ, ₹1,150ಕ್ಕೆ. ಮಾರುವುದು ₹1,450ಕ್ಕೆ. ಕೊರಿಯರ್ ಖರ್ಚು ₹90 ಗಿರಾಕಿಯದು. ಸಿಒಡಿ ಆದರೆ ಹಣ ವಸೂಲಿ ಮಾಡಿ ತಂದುಕೊಡಲು ಕೊರಿಯರ್ ಕಂಪನಿ ಇನ್ನೂ ₹40 ಹಿಡಿಯುತ್ತದೆ. ಅದು ವ್ಯಾಪಾರಿಯ ಜೇಬಿನಿಂದ. ಅಂದರೆ ಒಂದು ಸೀರೆ ಸಿಒಡಿಯಲ್ಲಿ ಸರಿಯಾಗಿ ತಲುಪಿದರೆ ಉಳಿಯುವುದು ₹260, ಅದೂ ತಲುಪಿದ ಮರುದಿನವೇ ಕೈಗೆ ಸಿಗುವುದಿಲ್ಲ, ಕೊರಿಯರ್ ಕಂಪನಿ ವಾರದ ಆಸುಪಾಸಿನಲ್ಲಿ ಖಾತೆಗೆ ಹಾಕುತ್ತದೆ.

ಈಗ ಗಿರಾಕಿ ಪಾರ್ಸಲ್ ಬೇಡವೆಂದರು, ಇಲ್ಲವೆ ಫೋನ್ ಎತ್ತಲಿಲ್ಲ. ಕೊರಿಯರ್‌ನವರು ಎರಡು ಮೂರು ಸಲ ಪ್ರಯತ್ನಿಸಿ ಅದನ್ನು ಹಿಂದಕ್ಕೆ ಕಳಿಸುತ್ತಾರೆ. ಹೋಗುವ ಖರ್ಚು ₹90, ಬರುವ ಖರ್ಚು ₹90, ಹಾಳಾದ ಪ್ಯಾಕಿಂಗಿಗೆ ₹20. ಒಟ್ಟು ₹200 ನಷ್ಟ. ಹತ್ತು ಸೀರೆ ಕಳಿಸಿ ಏಳು ನಿಂತು ಮೂರು ವಾಪಸ್ ಬಂದರೆ, ಏಳರ ಲಾಭ ₹1,820ರಲ್ಲಿ ₹600 ಹೋಗಿ ಉಳಿಯುವುದು ₹1,220. ಹತ್ತೂ ನಿಂತಿದ್ದರೆ ₹2,600 ಬರಬೇಕಿತ್ತು. ಮೂರು ಪಾರ್ಸಲ್ ಮರಳಿದ್ದಕ್ಕೆ ಅರ್ಧಕ್ಕಿಂತ ಹೆಚ್ಚು ಲಾಭ ಕರಗಿತು. ಆ ಮೂರು ಸೀರೆ ಎರಡು ವಾರ ದಾರಿಯಲ್ಲೇ ಇದ್ದು, ಹಬ್ಬದ ವ್ಯಾಪಾರಕ್ಕೂ ಸಿಗದೆ ಹೋಗಬಹುದು.

ಇಬ್ಬರ ಭಯವೂ ನಿಜವೇ. ಗಿರಾಕಿಗೆ ₹1,540 ಹೋಗುವ ಭಯ, ವ್ಯಾಪಾರಿಗೆ ₹200 ಹೋಗುವ ಭಯ. ಈ ಎರಡು ಮೊತ್ತಗಳ ನಡುವಿನ ಅಂತರದಲ್ಲಿಯೇ ಉತ್ತರವಿದೆ. ವ್ಯಾಪಾರಿಯ ನಿಜವಾದ ನಷ್ಟ ಎಷ್ಟೋ ಅಷ್ಟನ್ನೇ ಮುಂಗಡ ಕೇಳಿದರೆ ಸಾಕು. ಸೀರೆಯ ಪೂರ್ತಿ ಬೆಲೆಯನ್ನಾಗಲಿ ಅರ್ಧ ಬೆಲೆಯನ್ನಾಗಲಿ ಕೇಳಬೇಕಾಗಿಲ್ಲ. ₹200 ಮುಂಗಡ, ಉಳಿದ ₹1,340 ಸೀರೆ ಬಂದಾಗ. ಗೊತ್ತಿಲ್ಲದ ಅಂಗಡಿಯ ಮೇಲೆ ₹200ರ ಧೈರ್ಯ ಮಾಡುವುದು ಹೆಚ್ಚಿನವರಿಗೆ ಸಾಧ್ಯ. ₹1,540ರ ಧೈರ್ಯ ಕಷ್ಟ.

ಆದರೆ "₹200 ಅಡ್ವಾನ್ಸ್ ಕಡ್ಡಾಯ" ಎಂದು ಬರೆದು ಸುಮ್ಮನಾದರೆ ಮತ್ತೆ ಅದೇ ಗೋಡೆ. ಕಾರಣ ಹೇಳಬೇಕು. "ಪಾರ್ಸಲ್ ವಾಪಸ್ ಬಂದರೆ ನಮಗೆ ಹೋಗಿಬರುವ ಕೊರಿಯರ್ ಮತ್ತು ಪ್ಯಾಕಿಂಗ್ ಖರ್ಚು ₹200 ಆಗುತ್ತದೆ. ಅಷ್ಟನ್ನು ಮಾತ್ರ ಮೊದಲು ಕೇಳುತ್ತೇವೆ, ಸೀರೆಯ ಬೆಲೆಯಲ್ಲಿ ಅದನ್ನು ಕಳೆಯುತ್ತೇವೆ." ಈ ಎರಡು ವಾಕ್ಯ ಓದಿದವರಿಗೆ ಆ ಮೊತ್ತ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಸೀರೆಯ ಬೆಲೆಯ ಮೇಲೆ ಇದು ಹೆಚ್ಚುವರಿ ಅಲ್ಲ ಎಂದೂ ತಿಳಿಯುತ್ತದೆ. ಮುಂಗಡದ ಬಗ್ಗೆ ಜನ ಮೊದಲು ಕೇಳುವ ಪ್ರಶ್ನೆಯೇ ಅದು: "ಇದು ಬೆಲೆಯೊಳಗೋ, ಹೊರಗೋ?"

ಮೊತ್ತ ಮಿತಿಯಲ್ಲಿರುವುದಕ್ಕೆ ಕಾನೂನಿನ ಆಸರೆಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮಿತಿಮೀರಿದ ಠೇವಣಿ ಕೇಳುವುದನ್ನೂ, ಆದ ನಷ್ಟಕ್ಕೆ ಯಾವ ರೀತಿಯಲ್ಲೂ ಹೊಂದದ ದಂಡ ಹಾಕುವುದನ್ನೂ ಅನ್ಯಾಯದ ಕರಾರಿನ ಲಕ್ಷಣಗಳಲ್ಲಿ ಸೇರಿಸಿದೆ. ₹200 ನಷ್ಟಕ್ಕೆ ₹200 ಇಟ್ಟುಕೊಂಡರೆ ಯಾರೂ ಆಕ್ಷೇಪಿಸುವುದು ಕಷ್ಟ. ₹800 ಮುಂಗಡ ಪಡೆದು, ಗಿರಾಕಿ ಬೇಡವೆಂದಾಗ ಅಷ್ಟನ್ನೂ ನುಂಗಿದರೆ ಅದಕ್ಕೆ ಸಮರ್ಥನೆ ಸಿಗುವುದಿಲ್ಲ.

ಎರಡನೆಯದು, ಹೆಸರು. ಯುಪಿಐನಲ್ಲಿ ಹಣ ಹಾಕುವ ಮುನ್ನ ಪರದೆಯ ಮೇಲೆ ಪಡೆಯುವವರ ಹೆಸರು ಬರುತ್ತದೆ. ಬ್ಯಾಂಕ್ ಖಾತೆಯಲ್ಲಿ ಯಾವ ಹೆಸರಿದೆಯೋ ಅದು. ಎಷ್ಟೋ ಸಣ್ಣ ವ್ಯಾಪಾರಗಳಲ್ಲಿ ಪುಟಕ್ಕೆ ಒಂದು ಹೆಸರು, ಖಾತೆ ತಮ್ಮನದೋ ಹೆಂಡತಿಯದೋ ಹೆಸರಲ್ಲಿ. ಗಿರಾಕಿ ಸ್ಕ್ಯಾನ್ ಮಾಡುತ್ತಾಳೆ, ಪರಿಚಯವಿಲ್ಲದ ಹೆಸರು ಕಾಣುತ್ತದೆ, ಬೆರಳು ಅಲ್ಲೇ ನಿಲ್ಲುತ್ತದೆ. ಆಕೆ ನಿಂತದ್ದು ಸರಿಯಾದ ಕೆಲಸವೇ. ಮಾರುವವರು ಇದನ್ನು ಮೊದಲೇ ಹೇಳಿಬಿಡಬೇಕು: "ಸ್ಕ್ಯಾನ್ ಮಾಡಿದಾಗ ಇಂಥ ಹೆಸರು ಬರುತ್ತದೆ, ಅದು ಅಂಗಡಿಯ ಮಾಲೀಕರದು. ಬೇರೆ ಹೆಸರು ಬಂದರೆ ಹಣ ಹಾಕಬೇಡಿ, ನಮಗೆ ಫೋನ್ ಮಾಡಿ." ಹಣ ಹಾಕಬೇಡಿ ಎಂದು ಮಾರುವವನೇ ಹೇಳುವ ಈ ಸಾಲು "100% ನಂಬಿಕಸ್ಥರು" ಎಂಬ ಹತ್ತು ಸಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಂಬಿ ಎಂದು ಯಾರು ಬೇಕಾದರೂ ಬರೆಯಬಹುದು, ಕಳ್ಳನೂ ಬರೆಯುತ್ತಾನೆ. ಪರದೆಯ ಮೇಲೆ ತಾಳೆ ನೋಡಬಹುದಾದ ಮಾತನ್ನು ಬರೆಯಲು ಅವನಿಗೆ ಧೈರ್ಯ ಸಾಲದು.

ಸಿಒಡಿ ಎಂಬ ಮೂರಕ್ಷರದ ಬಳಕೆಯಲ್ಲೂ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಬಾಗಿಲ ಬಳಿ ನಡೆಯುವ ಜಗಳಗಳ ಮೂಲ ಅದೇ.

"ಅಕ್ಕಾರ, ಪಾರ್ಸಲ್ ಬಂದೈತ್ರಿ. ಒಂದು ಸಾವಿರದ ಮುನ್ನೂರಾ ನಲವತ್ತು ರೂಪಾಯಿ."

"ತೆಗದು ನೋಡಿ ಕೊಡ್ತೀನಿ ತಡಿಯಪ್ಪ."

"ಹಂಗ ಬರಂಗಿಲ್ರಿ. ಮೊದ್ಲ ರೊಕ್ಕ ಕೊಡ್ರಿ, ಆಮ್ಯಾಲ ತೆಗೀರಿ."

ಡೆಲಿವರಿ ಹುಡುಗ ಹೇಳುವುದು ಸರಿ. ಸಾಮಾನ್ಯ ಸಿಒಡಿಯಲ್ಲಿ ಹಣ ಕೊಟ್ಟ ಮೇಲೆಯೇ ಪಾರ್ಸಲ್ ಒಡೆಯಬೇಕು. ಒಡೆದ ಪಾರ್ಸಲ್ಲನ್ನು ಅವನು ಹಿಂದಕ್ಕೆ ಒಯ್ಯುವಂತಿಲ್ಲ. ತೆರೆದು ತೋರಿಸಿ ಒಪ್ಪಿಸುವ ಸೌಲಭ್ಯವನ್ನು ಫ್ಲಿಪ್‌ಕಾರ್ಟ್‌ನಂಥ ದೊಡ್ಡ ಕಂಪನಿಗಳು ಮೊಬೈಲ್ ಫೋನಿನಂಥ ಕೆಲವು ವಸ್ತುಗಳಿಗೆ ಇಟ್ಟಿವೆ. ಇಳಕಲ್‌ನ ಸಣ್ಣ ವ್ಯಾಪಾರಿಯ ಪಾರ್ಸಲ್ಲಿಗೆ ಅದು ಸಿಗುವುದಿಲ್ಲ. ಆದರೆ ಗಿರಾಕಿಯ ಮನಸ್ಸಿನಲ್ಲಿ ಸಿಒಡಿ ಎಂದರೆ ನೋಡಿ ಕೊಡುವುದು. ಅದು ಸುಳ್ಳಾದಾಗ ಆಕೆಗೆ ಮೋಸ ಹೋದಂತೆನಿಸುತ್ತದೆ, ಪಾರ್ಸಲ್ ವಾಪಸ್ ಹೋಗುತ್ತದೆ. ತಪ್ಪು ಯಾರದೂ ಅಲ್ಲ, ಬರಹದ್ದು.

ಆದ್ದರಿಂದ "ಸಿಒಡಿ ಇದೆ" ಎನ್ನುವ ಬದಲು ಬಾಗಿಲಲ್ಲಿ ನಡೆಯುವುದನ್ನು ಇದ್ದಂತೆ ಬರೆಯಬೇಕು. "ಕೊರಿಯರ್‌ನವರು ಬರುವ ಮುನ್ನ ಫೋನ್ ಮಾಡುತ್ತಾರೆ. ಅವರಿಗೆ ₹1,340 ಕೊಟ್ಟ ಮೇಲೆ ಪಾರ್ಸಲ್ ಒಡೆಯಬೇಕು, ಅದು ಕೊರಿಯರ್ ನಿಯಮ. ಒಡೆಯುವಾಗ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಸೀರೆ ಹರಿದಿದ್ದರೆ, ಕಲೆಯಾಗಿದ್ದರೆ, ಬೇರೆ ಸೀರೆ ಬಂದಿದ್ದರೆ ಅದನ್ನು ನಮಗೆ ಕಳಿಸಿ." ಇಲ್ಲಿ ವಿಡಿಯೊದ ಮಾತನ್ನು ಹೇಳುವ ಬಗೆಯನ್ನು ಗಮನಿಸಬೇಕು. ಈಗ ಬಹಳ ಕಡೆ ಕಾಣುವುದು "ಓಪನಿಂಗ್ ವಿಡಿಯೊ ಇಲ್ಲದಿದ್ದರೆ ಯಾವ ಕಂಪ್ಲೇಂಟೂ ಕೇಳುವುದಿಲ್ಲ" ಎಂಬ ಗದರಿಕೆ. ವಿಡಿಯೊ ಕೇಳುವುದರಲ್ಲಿ ತಪ್ಪಿಲ್ಲ, ವ್ಯಾಪಾರಿಗೂ ಸಾಕ್ಷಿ ಬೇಕು. ಅದನ್ನು ಗಿರಾಕಿಯ ಕೈಯಲ್ಲಿರುವ ಸಾಕ್ಷಿಯಾಗಿ ಹೇಳಿದರೆ ಆಕೆ ಮಾಡುತ್ತಾಳೆ. ಬೆದರಿಕೆಯಾಗಿ ಹೇಳಿದರೆ ಸೀರೆಯನ್ನೇ ಬಿಡುತ್ತಾಳೆ.

ಸಣ್ಣ ಊರುಗಳಲ್ಲಿ ಇನ್ನೊಂದು ವಿಷಯವಿದೆ. ಪಾರ್ಸಲ್ ಬರುವ ಹೊತ್ತಿಗೆ ಆರ್ಡರ್ ಮಾಡಿದವರು ಶಾಲೆಗೋ ಹೊಲಕ್ಕೋ ಹೋಗಿರುತ್ತಾರೆ, ಮನೆಯಲ್ಲಿರುವುದು ಅತ್ತೆ ಅಥವಾ ಮಾವ. ಯಾರೂ ಆರ್ಡರ್ ಮಾಡದ ಪೆಟ್ಟಿಗೆಯನ್ನು ಸಿಒಡಿ ಎಂದು ತಂದು, ಮನೆಯ ಹಿರಿಯರಿಂದ ಹಣ ಕಿತ್ತ ಸುದ್ದಿ ಅವರೂ ಕೇಳಿದ್ದಾರೆ. ಹಾಗಾಗಿ ಬೇಡವೆಂದು ಕಳಿಸಿಬಿಡುತ್ತಾರೆ. ಅದಕ್ಕೆ ಸಿಒಡಿ ವಿವರದಲ್ಲೇ ಒಂದು ಸಾಲು ಇರಬೇಕು: "ಪಾರ್ಸಲ್ ಮೇಲೆ ನಮ್ಮ ಅಂಗಡಿಯ ಹೆಸರು, ಇಳಕಲ್ ಎಂಬ ಊರು, ಕೊಡಬೇಕಾದ ಮೊತ್ತ ಬರೆದಿರುತ್ತದೆ. ಮನೆಯವರಿಗೆ ತಿಳಿಸಿಡಿ." ಜೊತೆಗೆ ಪಾರ್ಸಲ್ ಊರು ಮುಟ್ಟುವ ಹಿಂದಿನ ದಿನ ಇದೇ ಸಾಲನ್ನು ವಾಟ್ಸಾಪ್‌ನಲ್ಲಿ ಮತ್ತೆ ಕಳಿಸಿದರೆ ವಾಪಸಾತಿ ತಗ್ಗುತ್ತದೆ. ಕೊರಿಯರ್ ಮನೆಬಾಗಿಲಿಗೆ ಹೋಗದ ಹಳ್ಳಿಗಳೂ ಇವೆ. ತಾಲ್ಲೂಕು ಕೇಂದ್ರದ ಆಫೀಸಿಗೆ ಬಂದು ಒಯ್ಯಿರಿ ಎನ್ನುತ್ತಾರೆ. ಕೆಲವು ಪಿನ್‌ಕೋಡ್‌ಗಳಿಗೆ ಕೊರಿಯರ್‌ನ ಸಿಒಡಿಯೇ ಇರುವುದಿಲ್ಲ. ಆಗ ಅಂಚೆಯೇ ಗತಿ. ಹಣ ಪಡೆದ ಮೇಲೆ "ನಿಮ್ಮ ಊರಿಗೆ ಆಗುವುದಿಲ್ಲ" ಎನ್ನುವುದು ಕೆಟ್ಟ ಅನುಭವ. "ಮೊದಲು ಪಿನ್‌ಕೋಡ್ ಕಳಿಸಿ, ಮನೆಗೆ ತಲುಪುತ್ತದೆಯೇ ನೋಡಿ ಹೇಳುತ್ತೇವೆ, ಆಮೇಲೆ ಹಣ" ಎಂಬ ಕ್ರಮ ಒಳ್ಳೆಯದು. ಹಣಕ್ಕಿಂತ ಮೊದಲು ಊರು ಕೇಳುವ ವ್ಯಾಪಾರಿಯ ಮೇಲೆ ಭರವಸೆ ಹುಟ್ಟುವುದು ಸಹಜ.

ಇನ್ನು ಪೂರ್ತಿ ಹಣ ಮೊದಲೇ ಹಾಕಲು ಸಿದ್ಧರಿರುವವರಿಗೆ ಏನು ಹೇಳಬೇಕು? ಇಲ್ಲಿ ಒಂದೇ ಲೆಕ್ಕವನ್ನು ಎರಡು ರೀತಿ ಬರೆಯಬಹುದು. "ಸಿಒಡಿ ಬೇಕಾದರೆ ₹40 ಹೆಚ್ಚು" ಎನ್ನಬಹುದು, "ಮೊದಲೇ ಪೂರ್ತಿ ಹಾಕಿದರೆ ₹40 ಕಡಿಮೆ" ಎನ್ನಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಷ್ಟು ಹಿಂದೆಯೇ ಇಂಥದೇ ಒಂದು ಉದಾಹರಣೆ ಎತ್ತಿ ಬರೆದಿದ್ದರು. ಅಂಗಡಿಗಳಲ್ಲಿ ನಗದಿಗೂ ಕ್ರೆಡಿಟ್ ಕಾರ್ಡಿಗೂ ಬೇರೆ ಬೇರೆ ಬೆಲೆ ಇಡುವುದಾದರೆ ಅದನ್ನು ಕಾರ್ಡಿನ ಮೇಲಿನ ಹೆಚ್ಚುವರಿ ಎನ್ನದೆ ನಗದಿಗೆ ರಿಯಾಯಿತಿ ಎನ್ನಬೇಕೆಂದು ಕಾರ್ಡ್ ಕಂಪನಿಗಳು ಬಯಸುತ್ತಿದ್ದವು. ಸಿಗಬಹುದಾದ ರಿಯಾಯಿತಿ ತಪ್ಪಿಹೋದರೆ ಆಗುವ ಬೇಸರಕ್ಕಿಂತ ಜೇಬಿನಿಂದ ಹೆಚ್ಚುವರಿ ಕೊಡುವ ನೋವು ದೊಡ್ಡದು ಎಂಬುದು ಅದರ ಹಿಂದಿನ ತಿಳಿವು.

ನಮ್ಮಲ್ಲಿ ಸಿಒಡಿಯ ಹೆಚ್ಚುವರಿ ಶುಲ್ಕ ಈಗ ಕೇಂದ್ರ ಸರ್ಕಾರದ ಕಣ್ಣಿಗೂ ಬಿದ್ದಿದೆ. ಸಿಒಡಿ ಆರಿಸಿದವರಿಂದ ಜಾಲತಾಣಗಳು ಹೆಚ್ಚು ಹಣ ಪಡೆಯುತ್ತಿವೆ ಎಂಬ ದೂರುಗಳ ಬಗ್ಗೆ ತನಿಖೆ ಶುರುವಾಗಿದೆ ಎಂದು ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ 2025ರ ಅಕ್ಟೋಬರ್‌ನಲ್ಲಿ ಹೇಳಿದರು. ಕೊನೆಯ ಪರದೆಯಲ್ಲಿ ಹೊಸ ಶುಲ್ಕ ತಂದು ಸೇರಿಸುವುದು, ಹುಸಿ ಅವಸರ ಹುಟ್ಟಿಸುವುದು ಇವನ್ನೆಲ್ಲ 2023ರ ನವೆಂಬರ್‌ನಲ್ಲಿ ಹೊರಬಿದ್ದ ಕೇಂದ್ರದ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿಯಲ್ಲಿ ಸೇರಿಸಿದೆ. "ಇನ್ನು ಎರಡೇ ಸೀರೆ, ಹತ್ತು ನಿಮಿಷದಲ್ಲಿ ಹಣ ಹಾಕಿ" ಎಂದು ಬರೆಯುವವರು ಗೋದಾಮಿನಲ್ಲಿ ನಿಜಕ್ಕೂ ಎರಡೇ ಇದ್ದರೆ ಮಾತ್ರ ಬರೆಯಬೇಕು. ಹಾಗಿದ್ದರೂ ಹಿಂಜರಿಯುವ ಗಿರಾಕಿಗೆ ಅವಸರ ಮಾಡಿದಷ್ಟೂ ಆಕೆ ದೂರ ಸರಿಯುತ್ತಾಳೆ.

ರಿಯಾಯಿತಿ ಎಂದು ಬರೆಯಲು ಒಂದೇ ಒಂದು ಷರತ್ತು, ಅದು ನಿಜವಾಗಿರಬೇಕು. ಸಿಒಡಿ ವಸೂಲಿಯ ₹40 ಉಳಿಯಿತು, ಅದನ್ನು ಗಿರಾಕಿಗೆ ಬಿಟ್ಟುಕೊಟ್ಟರು, ₹1,540ರ ಬದಲು ₹1,500. ಅದು ಪ್ರಾಮಾಣಿಕ ರಿಯಾಯಿತಿ. ಮೊದಲು ₹150 ಏರಿಸಿ ಆಮೇಲೆ ₹150 ಇಳಿಸುವುದನ್ನು ಪಕ್ಕದ ಊರಿನ ಗಿರಾಕಿ ಎರಡನೇ ಸಲ ಹಿಡಿದುಬಿಡುತ್ತಾಳೆ.

ಬೆಲೆಯನ್ನು ಒಟ್ಟು ಮೊತ್ತವಾಗಿ, ಜೊತೆಗೆ ಯಾವುದಕ್ಕೆ ಎಷ್ಟು ಎಂಬ ವಿಂಗಡಣೆಯೊಡನೆ ತೋರಿಸಬೇಕು ಎಂಬುದು 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಒಂದು ಮುಖ್ಯ ಅಂಶ. "ಬೆಲೆಗೆ ಇನ್‌ಬಾಕ್ಸ್ ಮಾಡಿ" ಎಂಬ ರೂಢಿ ಆ ನಿಯಮಗಳ ಆಶಯಕ್ಕೆ ನೇರ ವಿರುದ್ಧ. ಬೆಲೆ ಬಚ್ಚಿಟ್ಟರೆ ಮುಖ ನೋಡಿ ಮಣೆ ಹಾಕುತ್ತಾರೆ ಎಂದು ಗಿರಾಕಿ ಅಂದುಕೊಳ್ಳುವುದರಲ್ಲಿ ಆಶ್ಚರ್ಯವೂ ಇಲ್ಲ.

ಇಷ್ಟನ್ನೆಲ್ಲ ಒಟ್ಟುಗೂಡಿಸಿ ಆ ಇಳಕಲ್ ವ್ಯಾಪಾರಿಯ ಬರಹವನ್ನು ಹೊಸದಾಗಿ ಬರೆದರೆ ಹೀಗಿರಬಹುದು:

"ಇಳಕಲ್ ಸೀರೆ. ಹತ್ತಿಯ ಒಡಲು, ಆರ್ಟ್ ಸಿಲ್ಕ್ ದಡಿ, ಟೋಪ್ ತೆನಿ ಸೆರಗು.

ಒಟ್ಟು ₹1,540. ಸೀರೆ ₹1,450, ಕೊರಿಯರ್ ₹90. ಇದರ ಮೇಲೆ ಬೇರೇನೂ ಇಲ್ಲ.

ಮೊದಲು ನಿಮ್ಮ ಪಿನ್‌ಕೋಡ್ ಕಳಿಸಿ. ನಿಮ್ಮ ಮನೆಗೆ ತಲುಪುತ್ತದೆಯೇ, ಎಷ್ಟು ದಿನ ಹಿಡಿಯುತ್ತದೆ ಎಂದು ತಿಳಿಸುತ್ತೇವೆ. ಹಣ ಆಮೇಲೆ.

ಬೇಕೆಂದರೆ ₹200 ಮುಂಗಡ ಹಾಕಿ, ಉಳಿದ ₹1,340 ಸೀರೆ ಮನೆಗೆ ಬಂದಾಗ ನಗದಾಗಿ ಅಥವಾ ಸ್ಕ್ಯಾನ್ ಮಾಡಿ ಕೊಡಿ. ಪಾರ್ಸಲ್ ವಾಪಸ್ ಬಂದರೆ ನಮಗಾಗುವ ಖರ್ಚು ₹200. ಅದಕ್ಕಾಗಿ ಅಷ್ಟೇ ಕೇಳುತ್ತೇವೆ. ಪೂರ್ತಿ ಹಣ ಮೊದಲೇ ಹಾಕುವವರಿಗೆ ₹1,500.

ಸ್ಕ್ಯಾನ್ ಮಾಡಿದಾಗ ಅಂಗಡಿ ಮಾಲೀಕರ ಹೆಸರು ಬರುತ್ತದೆ, ಆ ಹೆಸರು ಕೆಳಗಿದೆ. ಬೇರೆ ಹೆಸರು ಬಂದರೆ ಹಣ ಹಾಕಬೇಡಿ.

ಮುಂಗಡ ಬಂದ ದಿನವೇ ರಸೀದಿ, ಎರಡು ದಿನದೊಳಗೆ ಕೊರಿಯರ್ ನಂಬರ್ ಕಳಿಸುತ್ತೇವೆ. ಕಳಿಸಲು ನಮ್ಮಿಂದ ಆಗದಿದ್ದರೆ ಪೂರ್ತಿ ₹200 ವಾಪಸ್.

ಕೊರಿಯರ್ ನಿಯಮದಂತೆ ಹಣ ಕೊಟ್ಟ ಮೇಲೆ ಪಾರ್ಸಲ್ ಒಡೆಯಬೇಕು. ಒಡೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಹರಿದ, ಕಲೆಯಾದ ಅಥವಾ ಬೇರೆ ಸೀರೆ ಬಂದರೆ ಮೂರು ದಿನದೊಳಗೆ ತಿಳಿಸಿ. ವಾಪಸ್ ತರಿಸುವ ಖರ್ಚು ನಮ್ಮದು, ಹಣವೂ ಪೂರ್ತಿ ವಾಪಸ್. ಬಣ್ಣ ಹಿಡಿಸದಿದ್ದರೆ ಬದಲಿ ಸೀರೆ ಕೊಡುತ್ತೇವೆ, ಕಳಿಸುವ ಖರ್ಚು ನಿಮ್ಮದು.

ಹಣ ವಾಪಸ್ ಪಡೆಯಲು ನೀವು ಪಿನ್ ಹಾಕಬೇಕಾಗಿಲ್ಲ, ಸ್ಕ್ಯಾನ್ ಮಾಡಬೇಕಾಗಿಲ್ಲ. ನಮ್ಮ ಹೆಸರಲ್ಲಿ ಯಾರಾದರೂ ಕೇಳಿದರೆ ಕೊಡಬೇಡಿ."

ಕೊನೆಯ ಸಾಲು ಇರಲೇಬೇಕು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಹಣ ಕೊಡಲು ಮಾತ್ರ ಬೇಕು. ಇದು ಗೊತ್ತಿಲ್ಲದವರನ್ನೇ ಹುಡುಕಿ "ರೀಫಂಡ್ ಕಳಿಸಿದ್ದೇವೆ, ಪಿನ್ ಒತ್ತಿ" ಎಂದು ಮೋಸ ಮಾಡುತ್ತಾರೆ. ಮೋಸ ಮಾಡುವವನು ಅಂಗಡಿಯ ಫೋಟೊ, ಹೆಸರುಗಳನ್ನೇ ಕದ್ದು ಬಳಸುವುದರಿಂದ, ಎಚ್ಚರಿಕೆ ಅಂಗಡಿಯ ಬರಹದಲ್ಲೇ ಇದ್ದರೆ ಗಿರಾಕಿಯ ನೆನಪಿನಲ್ಲಿ ಉಳಿಯುತ್ತದೆ.

ಬರಹ ಉದ್ದವಾಯಿತಲ್ಲ, ಯಾರು ಓದುತ್ತಾರೆ ಎಂಬ ಆಕ್ಷೇಪ ಬರಬಹುದು. ಕೊಳ್ಳುವ ಮನಸ್ಸಿಲ್ಲದವರು ಓದುವುದಿಲ್ಲ. ಕೊಳ್ಳಬೇಕೆಂದು ಹಿಂದೆ ಮುಂದೆ ನೋಡುತ್ತಿರುವವರು ಒಂದಕ್ಷರ ಬಿಡದೆ ಓದುತ್ತಾರೆ, ಗಂಡನಿಗೋ ಮಗನಿಗೋ ತೋರಿಸುತ್ತಾರೆ. ಅದಕ್ಕಾಗಿಯೇ ಇದು ಅವರ ಕನ್ನಡದಲ್ಲಿರಬೇಕು. "ನಾನ್ ರಿಫಂಡಬಲ್", "ಟಿ ಅಂಡ್ ಸಿ ಅಪ್ಲೈ" ಎಂಬಂಥ ಮಾತು ಬೇಕಿಲ್ಲ. ಮುಂಗಡ ಯಾವಾಗ ವಾಪಸ್ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಎರಡು ವಾಕ್ಯದಲ್ಲಿ ಹೇಳಿದರೆ ಮುಗಿಯಿತು. ಫೋಟೊದ ಮೇಲೆಯೇ ಅಚ್ಚು ಹಾಕುವುದಾದರೆ ಮೂರು ಸಾಲು ಸಾಕು: ಒಟ್ಟು ಬೆಲೆ, ಮುಂಗಡ ಎಷ್ಟು ಮತ್ತು ಉಳಿದದ್ದು ಯಾವಾಗ, ಕೆಟ್ಟು ಬಂದರೆ ಹಣ ವಾಪಸ್.

ಬರೆದಂತೆ ನಡೆಯಲಾಗದಿದ್ದರೆ ಬರೆಯದಿರುವುದೇ ಮೇಲು. ಎರಡು ದಿನದಲ್ಲಿ ಕೊರಿಯರ್ ನಂಬರ್ ಎಂದು ಹೇಳಿ ಆರನೇ ದಿನ ಕಳಿಸಿದರೆ, ಮುಂಗಡ ಕೊಟ್ಟವರು ಆ ನಾಲ್ಕು ದಿನದಲ್ಲಿ ಊರಿಗೆಲ್ಲ ಹೇಳಿ ಮುಗಿಸಿರುತ್ತಾರೆ. ನೇಕಾರರ ಮನೆಯಿಂದ ಸೀರೆ ಬರಲು ವಾರ ಬೇಕೆಂದಾದರೆ ಎಂಟು ದಿನ ಎಂದೇ ಬರೆಯಬೇಕು. ಕಾಯುವುದಕ್ಕೆ ಜನ ಸಿದ್ಧರಿದ್ದಾರೆ, ಯಾವ ದಿನದವರೆಗೆ ಎಂದು ಅವರಿಗೆ ಗೊತ್ತಿರಬೇಕು, ಅಷ್ಟೆ. ಮುಂಗಡಕ್ಕೆ ರಸೀದಿಯೂ ಹಾಗೆಯೇ. "ಬಂತು" ಎಂದು ಹೆಬ್ಬೆರಳಿನ ಚಿತ್ರ ಕಳಿಸುವ ಬದಲು, ದಿನಾಂಕ, ಮೊತ್ತ, ಸೀರೆಯ ಬಣ್ಣ, ಉಳಿದ ಬಾಕಿ ಇಷ್ಟನ್ನು ಒಂದು ಸಂದೇಶದಲ್ಲಿ ಬರೆದು ಕಳಿಸಿದರೆ ಮುಂದೆ ಇಬ್ಬರಿಗೂ ದಾಖಲೆ.

ಹಾಗೆಯೇ ಎಲ್ಲ ಮಾಲಿಗೂ ಒಂದೇ ಪಾಠ ನಡೆಯುವುದಿಲ್ಲ. ಅಳತೆಗೆ ಹೊಲಿದ ಕುಪ್ಪಸ, ಹೆಸರು ಕೆತ್ತಿದ ವಸ್ತು ಇವು ಒಬ್ಬರಿಗೆಂದೇ ಮಾಡಿದವು. ಗಿರಾಕಿ ಬೇಡವೆಂದರೆ ಇನ್ನೊಬ್ಬರಿಗೆ ಮಾರಲಾಗದು. ಅಲ್ಲಿ ಮುಂಗಡ ಹೆಚ್ಚು ಕೇಳುವುದು ನ್ಯಾಯವೇ, ಕಾರಣವನ್ನು ಹೇಳಬೇಕು. ತದ್ವಿರುದ್ಧವಾಗಿ ₹250ರ ಮೆಣಸಿನ ಪುಡಿಗೆ ಮುಂಗಡ, ಬಾಕಿ ಎಂದು ಭಾಗ ಮಾಡುವುದರಲ್ಲಿ ಅರ್ಥವಿಲ್ಲ. ಮೊದಲ ಸಲ ಸಿಒಡಿ, ಒಮ್ಮೆ ಕೊಂಡವರಿಗೆ ಮುಂದಿನ ಸಲದಿಂದ ಮುಂಗಡ ಪಾವತಿಯಲ್ಲಿ ರಿಯಾಯಿತಿ ಎಂಬುದು ಅಲ್ಲಿ ಸುಲಭದ ದಾರಿ.

"ರಿಟರ್ನ್ ಇಲ್ಲ" ಎಂಬ ಎರಡು ಪದಗಳ ಬಗ್ಗೆ ಮಾತ್ರ ಗಿರಾಕಿಗಳೂ ವ್ಯಾಪಾರಿಗಳೂ ಸರಿಯಾಗಿ ತಿಳಿದಿರಬೇಕು. ಮನಸ್ಸು ಬದಲಾಯಿತೆಂದು ವಾಪಸ್ ಕೊಡುವುದು ಅಂಗಡಿಯ ನಿಯಮಕ್ಕೆ ಬಿಟ್ಟದ್ದು. ದೋಷವಿರುವ ಮಾಲನ್ನು ವಾಪಸ್ ಪಡೆಯುವುದು ಹಾಗಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ದೋಷದ ಮಾಲು ಮರಳಿ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಫೋಟೊ ಕೆಳಗೆ ಏನೇ ಬರೆದಿದ್ದರೂ ಅದು ಬದಲಾಗದು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಣ ಪಡೆದು ಫೋನೇ ಬಂದ್ ಮಾಡಿದ ಪಕ್ಕಾ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಮಾರಿದವರು ಇಳಕಲ್‌ನಲ್ಲಿದ್ದರೂ ಸೂರತ್‌ನಲ್ಲಿದ್ದರೂ, ಮಾನ್ವಿಯ ಗಿರಾಕಿ ಅಲ್ಲಿಗೆ ಅಲೆಯಬೇಕಾಗಿಲ್ಲ. ತಾನು ವಾಸಿಸುವ ಜಿಲ್ಲೆಯ, ಅಂದರೆ ರಾಯಚೂರಿನ, ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.